ಬೇಸ್ ಗಿಟಾರಲ್ಲಿ ಓಪನ್ ಎ ಒಂದೇ ಗುಂಯ್ ಅನ್ನತ್ತೆ, ಮಲ್ಟಿಬ್ಯಾಂಡ್ ಹಾಕಿದ್ರೂ ಬಗ್ತಿಲ್ಲ

ಟೆರೇಸ್‌ರೂಮ್:
ಎಲ್ಲರಿಗೂ ನಮಸ್ಕಾರ. ಫ್ರೆಂಡ್ ಬ್ಯಾಂಡಿಂದು ಒಂದು ಹಾಡು ಮಿಕ್ಸ್ ಮಾಡ್ತಿದೀನಿ, ಮೂರು ದಿನದಿಂದ ಬೇಸಲ್ಲೇ ಸಿಕ್ಕಾಕೊಂಡಿದೀನಿ. ನಾಲ್ಕು ತಂತಿ ಬೇಸು, ನೇರ ಇಂಟರ್‌ಫೇಸಿಗೆ ಹಾಕಿ ರೆಕಾರ್ಡ್ ಮಾಡಿರೋದು. ವರ್ಸಲ್ಲಿ ನಾಲ್ಕೇ ನೋಟು ಸುತ್ತಾಡತ್ತೆ, ಜಿ ಎ ಸಿ ಡಿ, ಅಷ್ಟೇ. ಅದ್ರಲ್ಲಿ ಓಪನ್ ಎ ಬಂದಾಗ ಇಡೀ ರೂಮ್ ಗುಂಯ್ ಅನ್ನತ್ತೆ, ಪಕ್ಕದ ಜಿ ಮತ್ತೆ ಡಿ ಬಂದಾಗ ಬೇಸ್ ಇದ್ಯೋ ಇಲ್ವೋ ಅನ್ನೋ ಹಂಗೆ.

ಮೊದ್ಲು ಮಾಮೂಲಿ ಕಂಪ್ರೆಸರ್ 4:1 ಹಾಕ್ದೆ, ಬೆರಳು ತಂತಿಗೆ ತಾಗೋ ಸೌಂಡೆಲ್ಲಾ ಚಪ್ಪಟೆ ಆಗೋಯ್ತು ಆದ್ರೆ ಎ ಇನ್ನೂ ಜಾಸ್ತಿನೇ. ಆಮೇಲೆ ಇಕ್ಯೂನಲ್ಲಿ 55 ಹರ್ಟ್ಜ್ ಹತ್ರ 5 ಡಿಬಿ ಕಟ್ ಮಾಡ್ದೆ, ಎ ಸರಿ ಹೋಯ್ತು ಅನ್ಸ್ತು, ಜಿ ಇನ್ನೂ ಬಡಕಲಾಯ್ತು. ಈಗ ReaXcomp ಅನ್ನೋ ಮಲ್ಟಿಬ್ಯಾಂಡ್ ಕಂಪ್ರೆಸರ್ ಹಾಕಿ 100 ಹರ್ಟ್ಜ್ ಕೆಳಗಿನ ಬ್ಯಾಂಡ್ ಒಂದನ್ನೇ ಅದುಮ್ತಿದೀನಿ. ಮೀಟರಲ್ಲಿ ಎ ಬಂದಾಗೆಲ್ಲಾ 6-7 ಡಿಬಿ ಇಳೀತಿರೋದು ಕಣ್ಣಿಗೆ ಕಾಣ್ಸತ್ತೆ, ಕಿವೀಲಿ ಮಾತ್ರ ಗುಂಯ್ ಹಂಗೇ ಇದೆ. ಮೀಟರ್ ಒಂದು ಹೇಳತ್ತೆ ಕಿವಿ ಒಂದು ಹೇಳತ್ತೆ, ಯಾವುದನ್ನ ನಂಬೋದು?

ತಡರಾತ್ರಿ_ಮಿಕ್ಸ್:
ಬ್ರೋ ಸಿಂಪಲ್. ಬೇಸಿಗೆ 80 ಹರ್ಟ್ಜಲ್ಲಿ ಹೈಪಾಸ್ ಹಾಕು, ಕೆಳಗಿನದ್ದು ಕಿಕ್ ಡ್ರಮ್ಮಿಗೆ ಬಿಡು. ಅಷ್ಟಾದ್ಮೇಲೂ ಗುಂಯ್ ಅಂದ್ರೆ ಮಲ್ಟಿಬ್ಯಾಂಡಲ್ಲಿ ಅಟ್ಯಾಕ್ 1 ಮಿಲಿಸೆಕೆಂಡ್, ರಿಲೀಸ್ 10 ಇಡು, ಯಾವ ಪೀಕೂ ತಪ್ಪಿಸ್ಕೊಳಲ್ಲ. ನಾನು ಎಲ್ಲಾ ಹಾಡಿಗೂ ಹಿಂಗೇ ಮಾಡೋದು.

ಕಡಲ_ಸೌಂಡ್:
ಇದು ನಮ್ಮ ಊರಿನ ಹಾಲಿನ ಕಥೆಯೇ ಮಾರಾಯ್ರೆ. ಮದುವೆ ಆರ್ಕೆಸ್ಟ್ರಾಕ್ಕೆ ಸೌಂಡ್ ಮಾಡುವವ ನಾನು. ಒಂದು ಹಾಲ್ ಉಂಟು, ಅಲ್ಲಿ ಕೀಬೋರ್ಡಿನವ ಎಡಗೈಯಲ್ಲಿ ಒಂದು ನೋಟ್ ಒತ್ತಿದರೆ ಸಾಕು, ಊಟದ ಟೇಬಲ್ಲಿನ ಸ್ಟೀಲ್ ಲೋಟ ಎಲ್ಲ ನಡುಗ್ತದೆ. ಪಕ್ಕದ ನೋಟಿಗೆ ಏನೂ ಇಲ್ಲ. ನಾನು ಸಬ್‌ಗಳನ್ನು ಮೂಲೆಯಿಂದ ಒಂದು ಆರು ಅಡಿ ಹೊರಗೆ ಎಳೆದು ಇಟ್ಟೆ, ಅರ್ಧ ಕಮ್ಮಿ ಆಯ್ತು. ನಿಮ್ಮ ಸ್ಪೀಕರ್ ಮೂಲೆಯಲ್ಲಿ ಉಂಟಾ? ಸಬ್ ಎಲ್ಲಿ ಇಟ್ಟಿದ್ದೀರಿ?

ಟೆರೇಸ್‌ರೂಮ್:
ಸಬ್ ಇಲ್ಲ ಅಣ್ಣ, 5 ಇಂಚಿಂದು ಎರಡು ಮಾನಿಟರ್ ಅಷ್ಟೇ. ಇದು ಲೈವ್ ಅಲ್ಲ, ರೆಕಾರ್ಡಿಂಗ್ ಮಿಕ್ಸು.

ಹಳೇ_ಟೇಪು:
ಲೈವ್ ಅಲ್ಲದಿದ್ರೂ ಅವರು ಕೇಳಿರೋ ಪ್ರಶ್ನೆ ಸರಿಯಾದ ಪ್ರಶ್ನೆನೇ. ಗುಂಯ್ ಅನ್ನೋದು ಟ್ರ್ಯಾಕಲ್ಲಿದ್ಯಾ ಇಲ್ಲಾ ನಿಮ್ಮ ರೂಮಲ್ಲಿದ್ಯಾ ಅಂತ ಮೊದ್ಲು ಗೊತ್ತಾಗ್ಬೇಕು, ಅದು ಗೊತ್ತಾಗ್ದೆ ಕಂಪ್ರೆಸರ್ ಗುಂಡಿ ತಿರುಗಿಸ್ತಾ ಕೂತ್ರೆ ನಿಮ್ಮ ರೂಮಿನ ಕಾಯಿಲೆಗೆ ಹಾಡಿಗೆ ಔಷಧಿ ಕುಡಿಸ್ದಂಗೆ ಆಗತ್ತೆ.

ಒಂದು ಕೆಲಸ ಮಾಡಿ. ಖಾಲಿ ಟ್ರ್ಯಾಕಲ್ಲಿ ಟೋನ್ ಜನರೇಟರ್ ಹಾಕಿ ಬರೀ ಸೈನ್ ಟೋನ್ ಬಿಡಿ, ಒಂದೇ ಲೆವೆಲಲ್ಲಿ 49, 55, 65, 73. ಇವೇ ನಿಮ್ಮ ಜಿ, ಎ, ಸಿ, ಡಿ. ಮಿಕ್ಸ್ ಮಾಡೋ ಕುರ್ಚಿಲೇ ಕೂತು ಕೇಳಿ. ಆಮೇಲೆ ಬೇಸ್ ಟ್ರ್ಯಾಕನ್ನ ಹೆಡ್‌ಫೋನಲ್ಲಿ ಕೇಳಿ. ರೂಮಿನ ಉದ್ದ ಅಗಲಾನೂ ಹೇಳಿ.

ಟೆರೇಸ್‌ರೂಮ್:
ಮಾಡ್ದೆ ಸರ್. ರೂಮು 10 ಬೈ 11 ಅಡಿ, ತಾರಸಿ ಎತ್ತರ ಒಂದು 9. ಟೋನ್ ಬಿಟ್ರೆ 55 ಮಾತ್ರ ಕಿವಿ ತುಂಬ್ಕೊಳತ್ತೆ, 65ಕ್ಕೆ ಬಂದ್ರೆ ಸಡನ್ನಾಗಿ ಕಮ್ಮಿ, 49 ಕೇಳ್ಸೋದೇ ಕಷ್ಟ. ಇಷ್ಟು ದಿನ ಇದು ಗೊತ್ತೇ ಇರ್ಲಿಲ್ಲ. ಆದ್ರೆ ಹೆಡ್‌ಫೋನಲ್ಲಿ ಬೇಸ್ ಟ್ರ್ಯಾಕ್ ಕೇಳಿದ್ರೂ ಎ ಜಾಸ್ತಿನೇ ಇದೆ, ಸ್ಪೀಕರಲ್ಲಿ ಅನ್ಸೋವಷ್ಟಲ್ಲ ಅಷ್ಟೇ.

ಹಳೇ_ಟೇಪು:
ಹಂಗಾದ್ರೆ ಎರಡೂ ಇದೆ. 10 ಅಡಿ ಅಂದ್ರೆ 3.05 ಮೀಟರ್. ಸೌಂಡ್ ಸೆಕೆಂಡಿಗೆ 343 ಮೀಟರ್ ಹೋಗತ್ತೆ, ಅದನ್ನ ಗೋಡೆಯಿಂದ ಗೋಡೆಗಿರೋ ದೂರದ ಎರಡರಷ್ಟಕ್ಕೆ ಭಾಗಿಸಿ, 56 ಚಿಲ್ರೆ ಬರತ್ತೆ. ನಿಮ್ಮ ಓಪನ್ ಎ 55. ಆ ಎರಡು ಗೋಡೆ ಮಧ್ಯೆ ಎ ನೋಟು ಸರಿಯಾಗಿ ಕೂತ್ಕೊಂಡ್ಬಿಡತ್ತೆ, ಅದಕ್ಕೇ ಅದು ಮೆರೆಯೋದು. ಇನ್ನು 49 ಕೇಳ್ಸಲ್ಲ ಅನ್ನೋದ್ರಲ್ಲಿ ಅರ್ಧ ಪಾಲು 5 ಇಂಚಿನ ಸ್ಪೀಕರಿಂದು, ಅಷ್ಟು ಕೆಳಗೆ ಅದಕ್ಕೆ ಶಕ್ತಿ ಇರಲ್ಲ. ಜಿ ಬಡಕಲು ಅಂತ ಅಲ್ಲಿ ನಂಬ್ಕೊಂಡು ಜಾಸ್ತಿ ಮಾಡಿದ್ರೆ ಕಾರಲ್ಲಿ ಹಾಕ್ದಾಗ ಜಿ ಗುಂಯ್ ಅನ್ನತ್ತೆ. ಹಂಗಾಗಿ ಈ ಕೆಲಸ ಮುಗಿಯೋ ತನಕ ಬೇಸಿನ ಕೆಳಭಾಗಕ್ಕೆ ತೀರ್ಪು ಕೊಡೋದು ಹೆಡ್‌ಫೋನಲ್ಲಿ, ಸ್ಪೀಕರಲ್ಲಿ ಬೇಡ.

ಈಗ ನಿಮ್ಮ ನಿಜವಾದ ಪ್ರಶ್ನೆ, ಮೀಟರ್ 7 ಡಿಬಿ ಇಳೀತಿದ್ರೂ ಯಾಕೆ ಕೇಳ್ಸಲ್ಲ ಅಂತ. ನೀವು ಬ್ಯಾಂಡನ್ನ 100 ಹರ್ಟ್ಜಿಗೆ ಕಟ್ ಮಾಡಿದೀರಿ. ಎ ತಂತಿ ಬರೀ 55 ಒಂದನ್ನೇ ಕೊಡಲ್ಲ, 110, 165, 220 ಹಿಂಗೆ ಮೇಲೆ ಮೇಲೆ ಹೋಗತ್ತೆ. ಬೇಸ್ ಗಿಟಾರಲ್ಲಿ ಎಷ್ಟೋ ಸಲ ಆ ಎರಡನೇದು, 110, ಮೊದಲನೇದಕ್ಕಿಂತ ಜೋರಾಗಿರತ್ತೆ. ನೀವು 55ನ್ನ ಹಿಡಿದು ಕೂರಿಸಿದ್ರಿ, 110 ಪಕ್ಕದ ಬ್ಯಾಂಡಲ್ಲಿ ಆರಾಮಾಗಿ ಓಡಾಡ್ಕೊಂಡಿದೆ. ಇನ್ನೂ ಕೆಟ್ಟದ್ದೇನಂದ್ರೆ ಜಿ ನೋಟಿನ ಎರಡನೇದು 98, ಅದು ನಿಮ್ಮ 100ರ ಗೆರೆ ಮೇಲೇ ಕೂತಿದೆ. ಅಂದ್ರೆ ಜಿ ಬಂದ್ರೆ ಎರಡೂ ಒಳಗೆ, ಎ ಬಂದ್ರೆ ಒಂದು ಒಳಗೆ ಒಂದು ಹೊರಗೆ. ನೋಟಿಂದ ನೋಟಿಗೆ ಟೋನೇ ಬದಲಾಗೋಗತ್ತೆ. ಗೆರೆನ 160ಕ್ಕೆ ಎತ್ತಿ, ಆಗ ನಿಮ್ಮ ನಾಲ್ಕೂ ನೋಟಿನ ಮೊದಲನೇದು ಎರಡನೇದು ಒಟ್ಟಿಗೆ ಒಳಗೆ ಬರತ್ತೆ, ಡಿ ನೋಟಿನ ಎರಡನೇದು 147, ಅದೇ ಎಲ್ಲಕ್ಕಿಂತ ಮೇಲಿಂದು.

ತಡರಾತ್ರಿ_ಮಿಕ್ಸ್:
110 ವಿಷಯ ಒಪ್ಕೊಂಡೆ ಸರ್, ಅದು ನಂಗೆ ಹೊಳೀಲಿಲ್ಲ. ಆದ್ರೆ ಅಟ್ಯಾಕ್ 1 ಮಿಲಿಸೆಕೆಂಡ್ ತಪ್ಪು ಹೆಂಗಾಗತ್ತೆ? ಪೀಕ್ ಹಿಡೀಬೇಕು ಅಂದ್ರೆ ಫಾಸ್ಟ್ ಇರ್ಲೇಬೇಕಲ್ವಾ.

ಧಾರವಾಡ_ಬೇಸು:
ತಪ್ಪು ಹೆಂಗ ಆಗ್ತದ ಅಂದ್ರ, 55 ಹರ್ಟ್ಜಿನ ಒಂದು ಅಲಿ ಪೂರಾ ಆಗಾಕ 18 ಮಿಲಿಸೆಕೆಂಡ್ ಬೇಕ್ರಿ. ನೀವು 1ಕ್ಕ ಹಿಡದು 10ಕ್ಕ ಬಿಟ್ರ ಕಂಪ್ರೆಸರ್ ನೋಟಿನ ಜೋರು ನೋಡಂಗಿಲ್ಲ, ಅಲಿ ಏರಿದಾಗ ಒತ್ತತದ, ಇಳದಾಗ ಬಿಡತದ. ಒಂದೊಂದು ಅಲಿ ಆಕಾರನ ಕೆಡಸ್ತದ, ಅಂದ್ರ ಡಿಸ್ಟಾರ್ಷನ್. ಸೋಲೋ ಮಾಡಿ ಕೇಳ್ರಿ, ಉದ್ದಕ್ಕ ಹಿಡದ ನೋಟಿನ್ಯಾಗ ಗರ್‍ ಅಂತ ಒಂದು ಸಪ್ಪಳ ಬರ್ತದ. ನಿಮಗ ಅದು ಇಷ್ಟ ಇರಬಹುದು, ರಾಕ್ ಹಾಡಿನ್ಯಾಗ ಚಂದನೂ ಇರ್ತದ, ಆದ್ರ ಅದು ಗುಂಯ್ ಕಮ್ಮಿ ಮಾಡೂ ಕೆಲಸ ಅಲ್ಲ.

80ಕ್ಕ ಹೈಪಾಸ್ ಮಾತು ಮಾತ್ರ ನಾ ಒಪ್ಪಂಗಿಲ್ರಿ. ಇವರ ನಾಲ್ಕೂ ನೋಟಿನ ಬುಡ 80ರ ಕೆಳಗ ಅದ. ಬುಡ ಕಡದ ಮ್ಯಾಲೆ ಬೇಸ್ ಅಂತ ಯಾಕ ಕರೀಬೇಕು.

ಇನ್ನೊಂದು ಮಾತು, ನಾ ಬೇಸ್ ಬಾರಸಾಂವ ಹೇಳ್ತೀನಿ. ಓಪನ್ ತಂತಿ ಯಾವತ್ತೂ ಬ್ಯಾರೆನ ಮಾತಾಡ್ತದ, ಬೆರಳು ಒತ್ತಿದ ನೋಟಿನಕಿಂತ ಉದ್ದಕ್ಕ ಮೊಳಗತದ. ಅದ ಎ ಇ ತಂತಿ ಐದನೇ ಫ್ರೆಟ್ಟಿನ್ಯಾಗೂ ಸಿಗ್ತದ, ಅಲ್ಲಿ ಬಾರಸಿದ್ರ ಜಿ ಮತ್ತ ಎ ಒಂದ ತಂತಿ ಮ್ಯಾಲೆ ಬರ್ತಾವ, ಸಮ ಇರ್ತಾವ. ಪಿಕಪ್ ಎತ್ತರನೂ ನೋಡ್ರಿ, ಒಂದು ಬದಿ ಮ್ಯಾಲೆ ಎದ್ದಿದ್ರ ಆ ಬದಿ ತಂತಿ ಜೋರ ಬರ್ತದ, ಸ್ಕ್ರೂ ಸ್ವಲ್ಪ ತಿರುವಿದ್ರ ಮುಗೀತು. ಮತ್ತೊಮ್ಮೆ ಬಾರಸಿ ರೆಕಾರ್ಡ್ ಮಾಡಸ್ರಿ, ನಾಲ್ಕು ಬಾರಿನ ವರ್ಸ್, ಎಷ್ಟೊತ್ತಿನ ಕೆಲಸ.

ಟೆರೇಸ್‌ರೂಮ್:
ಆಸೆ ನಂಗೂ ಇದೆ ಅಣ್ಣಾ, ಬೇಸ್ ಹುಡುಗ ಕೆಲಸ ಸಿಕ್ಕಿ ಪುಣೆಗೆ ಹೋದ, ಬೇಸೂ ಮಾರ್ಬಿಟ್ಟ. ಇರೋ ಟ್ರ್ಯಾಕಲ್ಲೇ ಮುಗಿಸ್ಬೇಕು.

ಹಳೇ_ಟೇಪು:
ಸರಿ ಹಂಗಾದ್ರೆ ಅಳತೆ ತಗೊಳಿ. ಮೊದ್ಲು ಕಂಪ್ರೆಸರಿಗಿಂತ ಮುಂಚೆ 30 ಹರ್ಟ್ಜಲ್ಲಿ ಹೈಪಾಸ್ ಇಡಿ, ಯಾಕಂದ್ರೆ ಹೆಬ್ಬೆರಳು ಪಿಕಪ್ಪಿಗೆ ತಾಗಿದಾಗ ಬರೋ ದಢ್ ಅನ್ನೋದು ಕಿವಿಗೆ ಕೇಳ್ಸಲ್ಲ ಆದ್ರೆ ಕಂಪ್ರೆಸರ್ ಅದನ್ನ ನೋಡಿ ಅದುಮ್ಬಿಡತ್ತೆ, ಆಗ ಪಾಪ ನೋಟು ಏನೂ ಮಾಡ್ದೆ ಏಟು ತಿನ್ನತ್ತೆ. ಆಮೇಲೆ ReaXcompನಲ್ಲಿ ಎರಡೇ ಬ್ಯಾಂಡ್ ಉಳಿಸ್ಕೊಂಡು 160ಕ್ಕೆ ಗೆರೆ ಇಟ್ಟು, ಎರಡರದ್ದೂ ರೇಶಿಯೋ 1:1 ಮಾಡಿ, ಕೆಳಗಿನ ಬ್ಯಾಂಡನ್ನ ಸೋಲೋ ಮಾಡಿ. ಒಂದೊಂದು ನೋಟನ್ನೂ ಲೂಪ್ ಮಾಡಿ ಟ್ರ್ಯಾಕ್ ಮೀಟರಲ್ಲಿ ಎಷ್ಟು ಬರತ್ತೆ ಬರ್ಕೊಳಿ. ನೋಟಿನ ಶುರುವಿನ ಏಟು ಬಿಟ್ಟು, ಹಿಡಿದು ನಿಂತಿರೋ ಭಾಗ ನೋಡಿ.

ಟೆರೇಸ್‌ರೂಮ್:
ತಗೊಂಡೆ. ಸುಮಾರಾಗಿ ಜಿ -19, ಎ -12, ಸಿ -17, ಡಿ -20. ಎ ಮತ್ತೆ ಡಿ ಮಧ್ಯೆ 8 ಡಿಬಿ ವ್ಯತ್ಯಾಸ, ಇಷ್ಟಿದೆ ಅಂತ ಅನ್ಕೊಂಡಿರ್ಲಿಲ್ಲ.

ಹಳೇ_ಟೇಪು:
ಈಗ ಕಣ್ಣು ಮುಚ್ಕೊಂಡು ಗುಂಡಿ ತಿರುಗಿಸೋ ಅಗತ್ಯ ಇಲ್ಲ, ಲೆಕ್ಕನೇ ಹೇಳತ್ತೆ. ಥ್ರೆಶೋಲ್ಡನ್ನ ಬಡಕಲು ನೋಟು ನಿಂತಿರೋ ಜಾಗಕ್ಕೆ ಇಡ್ಬೇಕು, ನಿಮ್ಮಲ್ಲಿ -19. ಜಿ ಮತ್ತೆ ಡಿ ಅದನ್ನ ದಾಟಲ್ಲ, ಹಂಗಾಗಿ ಅವಕ್ಕೆ ಏನೂ ಆಗಲ್ಲ. ಎ 7 ಡಿಬಿ ಮೇಲಿದೆ, 3:1ರಲ್ಲಿ ಆ 7 ಹೋಗಿ ಹತ್ತತ್ರ 2.3 ಆಗತ್ತೆ, ಅಂದ್ರೆ ಎ -16.7ಕ್ಕೆ ಇಳಿಯತ್ತೆ. ಸಿ ಒಂದು ಚೂರು ಇಳಿದು -18.3. ಎಂಟು ಡಿಬಿ ವ್ಯತ್ಯಾಸ ಇದ್ದಿದ್ದು ಮೂರು ಚಿಲ್ರೆಗೆ ಬಂತು. ಈಗ ಆ ಬ್ಯಾಂಡಿಗೆ 2 ಡಿಬಿ ಗೇನ್ ಕೊಟ್ರೆ ಬಡಕಲು ನೋಟು ಮೇಲೆ ಬರತ್ತೆ, ಎ ಆದ್ರೂ ಮೊದಲಿಗಿಂತ ಕೆಳಗೇ ಇರತ್ತೆ. ನೀವು ಮುಂಚೆ ಮಾಡಿದ ಇಕ್ಯೂ ಕಟ್ ಎಡವಿದ್ದು ಇಲ್ಲೇ. ಅದು ಎ ಬಂದ್ರೂ ಜಿ ಬಂದ್ರೂ ಒಂದೇ ಸಮ ಕಡಿಯತ್ತೆ, ಇದು ಜೋರು ಬಂದವನನ್ನ ಮಾತ್ರ ತಡೆಯತ್ತೆ.

```
Band 1 top: 160 Hz
Threshold: -19 dB
Ratio: 3:1
Attack: 25 ms
Release: 150 ms
Gain: +2 dB
```

ಮೇಲಿನ ಬ್ಯಾಂಡ್ 1:1 ಹಂಗೇ ಇರ್ಲಿ, ಆಟೋ ಮೇಕಪ್ ಗೇನ್ ಆಫ್ ಮಾಡಿ, ಇಲ್ಲಾಂದ್ರೆ ಒಟ್ಟು ಜೋರಾಗಿ ಚೆನ್ನಾಗಿದೆ ಅನ್ಸಿ ಮೋಸ ಹೋಗ್ತೀರಿ. ಹಾಡಿನ ವೇಗ ಎಷ್ಟು?

ಟೆರೇಸ್‌ರೂಮ್:
92. ಬೇಸ್ ಪೂರ್ತಿ ಎಂಟರ ಲೆಕ್ಕದಲ್ಲಿ ಓಡತ್ತೆ.

ಹಳೇ_ಟೇಪು:
92ರಲ್ಲಿ ಎಂಟರ ಒಂದು ನೋಟಿಗೆ 326 ಮಿಲಿಸೆಕೆಂಡ್ ಸಿಗತ್ತೆ, 150 ರಿಲೀಸ್ ಸಾಕು. ಪ್ಲೇ ಮಾಡ್ವಾಗ ರಿಡಕ್ಷನ್ ಮೀಟರ್ ಒಂದನ್ನೇ ನೋಡಿ. ಎ ಬಂದಾಗ 4-5 ಇಳೀಬೇಕು, ಜಿ ಬಂದಾಗ ಸೊನ್ನೆಗೆ ವಾಪಸ್ ಹೋಗ್ಬೇಕು. ಸೊನ್ನೆಗೇ ಹೋಗ್ತಿಲ್ಲ, ಯಾವಾಗ್ಲೂ 3ರಲ್ಲೇ ನೇತಾಡ್ತಿದೆ ಅಂದ್ರೆ ಎರಡರಲ್ಲಿ ಒಂದು, ಥ್ರೆಶೋಲ್ಡ್ ತೀರಾ ಕೆಳಗಿದೆ ಇಲ್ಲಾ ರಿಲೀಸ್ ಉದ್ದ ಆಗಿದೆ. ಹಂಗಾದ್ರೆ ಅದು ನೋಟು ಸಮ ಮಾಡ್ತಿಲ್ಲ, ಸುಮ್ನೆ ಬೇಸ್ ಕಮ್ಮಿ ಮಾಡ್ತಿದೆ ಅಂತ ಅರ್ಥ.

ಟೆರೇಸ್‌ರೂಮ್:
ಸರ್!! ವರ್ಸ್ ಕೂತ್ಕೊಂಡ್ಬಿಡ್ತು. ಹೆಡ್‌ಫೋನಲ್ಲಿ ನಾಲ್ಕು ನೋಟೂ ಒಂದೇ ಸಾಲಲ್ಲಿ ನಡ್ಕೊಂಡು ಹೋಗ್ತಿವೆ, ಬೆರಳಿನ ಸೌಂಡ್ ಹಂಗೇ ಇದೆ. ಬೈಪಾಸ್ ಮಾಡಿದ್ರೆ ಎ ಮತ್ತೆ ಎದ್ದು ಬರತ್ತೆ, ಆನ್ ಮಾಡಿದ್ರೆ ಕೂರತ್ತೆ, ವ್ಯತ್ಯಾಸ ಈಗ ಸ್ಪಷ್ಟ ಗೊತ್ತಾಗ್ತಿದೆ.

ಆದ್ರೆ ಎರಡು ತೊಂದ್ರೆ. ಒಂದು, ಕೋರಸಲ್ಲಿ ಹುಡುಗ ಜಿ ತಂತಿ ಮೇಲೆ ಹೋಗಿ ಮೇಲಿನ ಎ, ಡಿ, ಇ ಬಾರ್ಸಿದಾನೆ, ಅಲ್ಲಿ ಒಂದು ನೋಟು ದಪ್ಪ ಒಂದು ನೋಟು ತೆಳು ಆಗ್ತಿದೆ, ಮುಂಚೆ ಹಂಗಿರ್ಲಿಲ್ಲ. ಎರಡು, ಬೇಸ್ ಟ್ರ್ಯಾಕನ್ನ ಕಾಪಿ ಮಾಡಿ ಅದಕ್ಕೆ ಆಂಪ್ ಸಿಮ್ ಹಾಕಿ ಕೆಳಗಡೆ ಸೇರಿಸಿದೀನಿ. ಮಲ್ಟಿಬ್ಯಾಂಡ್ ಹಾಕಿದ್ಮೇಲೆ ಎರಡೂ ಒಟ್ಟಿಗೆ ಕೇಳಿದ್ರೆ ಸೊಂಟ ಇಲ್ಲದಂಗೆ ಆಗಿದೆ, ಒಂದೊಂದೇ ಕೇಳಿದ್ರೆ ಎರಡೂ ಚೆನ್ನಾಗಿವೆ.

ಉದ್ದನೇ_ಕೇಬಲ್:
ಎರಡನೇದಕ್ಕೆ ನಾನು ಹೇಳ್ತೀನಿ, ಇದ್ರಲ್ಲಿ ನಾನೇ ಒಂದು ತಿಂಗಳು ತಲೆ ಕೆಡಿಸ್ಕೊಂಡಿದ್ದೆ. ಈ ಥರ ಮಲ್ಟಿಬ್ಯಾಂಡ್ ಸಿಗ್ನಲನ್ನ ಫಿಲ್ಟರಲ್ಲಿ ಸೀಳಿ ಆಮೇಲೆ ಮತ್ತೆ ಜೋಡ್ಸತ್ತೆ. ಏನೂ ಕಂಪ್ರೆಸ್ ಮಾಡ್ದಿದ್ರೂ ಆ ಗೆರೆ ಸುತ್ತಮುತ್ತ ಫೇಸ್ ತಿರುಗಿರತ್ತೆ. ಒಂದೇ ಟ್ರ್ಯಾಕ್ ಆಗಿದ್ರೆ ಕಿವಿಗೆ ಗೊತ್ತಾಗಲ್ಲ. ನೀವು ಅದೇ ಬೇಸಿನ ಇನ್ನೊಂದು ಕಾಪಿನ ಪಕ್ಕದಲ್ಲಿ ಇಟ್ಟಿದೀರಲ್ಲ, ಒಂದು ತಿರುಗಿದೆ ಇನ್ನೊಂದು ತಿರುಗಿಲ್ಲ, ಸೇರಿದಾಗ 160ರ ಆಸುಪಾಸಲ್ಲಿ ಒಂದನ್ನೊಂದು ತಿಂದ್ಹಾಕತ್ತೆ. ಎರಡು ಟ್ರ್ಯಾಕನ್ನೂ ಒಂದು ಬಸ್ಸಿಗೆ ಕಳ್ಸಿ, ಮಲ್ಟಿಬ್ಯಾಂಡನ್ನ ಬಸ್ ಮೇಲೆ ಹಾಕಿ. ಬಸ್ಸಲ್ಲಿ ಲೆವೆಲ್ ಬೇರೆ ಇರತ್ತೆ, ಥ್ರೆಶೋಲ್ಡ್ ಮತ್ತೆ ಅಳೀಬೇಕು, ಹಳೇ -19 ಅಲ್ಲಿ ನಡೆಯಲ್ಲ.

ನಿಮ್ಮ 30ರ ಹೈಪಾಸೂ ಇದೇ ಥರ. ಎರಡಕ್ಕೂ ಹಾಕಿ ಇಲ್ಲಾ ಬಸ್ಸಿಗೆ ಹಾಕಿ, ಒಂದಕ್ಕೆ ಮಾತ್ರ ಹಾಕ್ಬೇಡಿ.

ಹಳೇ_ಟೇಪು:
ಇವರು ಹೇಳಿದ್ದು ಸರಿ, ನಾನೇ ಮೊದ್ಲು ಕೇಳ್ಬೇಕಿತ್ತು ಇನ್ನೊಂದು ಟ್ರ್ಯಾಕ್ ಇದ್ಯಾ ಅಂತ.

ಕೋರಸ್ ವಿಷಯ. ಮಲ್ಟಿಬ್ಯಾಂಡಿಗೆ ನೋಟ್ ಗೊತ್ತಿಲ್ಲ, ಅದಕ್ಕೆ ಗೊತ್ತಿರೋದು ಗೆರೆಯ ಕೆಳಗೆ ಎಷ್ಟು ಬಂತು ಅನ್ನೋದು ಮಾತ್ರ. ವರ್ಸಲ್ಲಿ ನಾಲ್ಕೂ ನೋಟಿನ ಮುಖ್ಯ ಭಾಗ ಕೆಳಗೇ ಇತ್ತು, ಹಂಗಾಗಿ ನಾಲ್ಕಕ್ಕೂ ಒಂದೇ ನ್ಯಾಯ. ಕೋರಸಲ್ಲಿ ಮೇಲಿನ ಎ ಶುರುವಾಗೋದೇ 110ರಲ್ಲಿ, ಅದರ ಎರಡನೇದು 220 ಗೆರೆ ಆಚೆ. ಮೇಲಿನ ಇ 165, ಅದು ಗೆರೆ ಮೇಲೇ ಕಾಲಿಟ್ಕೊಂಡಿದೆ, ಅರ್ಧ ಒಳಗೆ ಅರ್ಧ ಹೊರಗೆ. ವರ್ಸಿಗೆ ಹೊಲಿದ ಅಂಗಿ ಕೋರಸಿಗೆ ಆಗಲ್ಲ. ಕೋರಸನ್ನ ಕತ್ತರಿಸಿ ಬೇರೆ ಟ್ರ್ಯಾಕಿಗೆ ಇಳ್ಸಿ, ಅಲ್ಲಿ ಮಾಮೂಲಿ ಕಂಪ್ರೆಸರ್ 2:1 ಸಾಕಾಗ್ಬಹುದು. ಇಲ್ಲಾ ಕೋರಸ್ ಬಂದಾಗ ಮಲ್ಟಿಬ್ಯಾಂಡ್ ಬೈಪಾಸ್ ಆಗೋ ಹಂಗೆ ಆಟೋಮೇಷನ್ ಬರೀರಿ.

ತಡರಾತ್ರಿ_ಮಿಕ್ಸ್:
ಇಷ್ಟೆಲ್ಲಾ ಯಾಕೆ, ಡೈನಮಿಕ್ ಇಕ್ಯೂ ಹಾಕಿದ್ರೆ ಮುಗೀತಲ್ಲ? TDR Nova ಫ್ರೀ ಸಿಗತ್ತೆ. 55ರಲ್ಲಿ ಒಂದು ಪಾಯಿಂಟ್, 110ರಲ್ಲಿ ಒಂದು ಪಾಯಿಂಟ್, ಎರಡೂ ಎ ಜೋರು ಬಂದಾಗ ಮಾತ್ರ ಇಳಿಯತ್ತೆ. ಸೀಳೋದೂ ಇಲ್ಲ ಜೋಡ್ಸೋದೂ ಇಲ್ಲ.

ಹಳೇ_ಟೇಪು:
ಒಂದೇ ನೋಟು ತಪ್ಪು ಮಾಡ್ತಿದ್ರೆ ಅದು ಒಳ್ಳೇ ದಾರಿ, ನಾನೂ ಮಾಡ್ತೀನಿ. ಆದ್ರೆ 49 ಮತ್ತೆ 55 ಎಷ್ಟು ಹತ್ರ ಇದೆ ನೋಡಿ, ಪಾಯಿಂಟನ್ನ ತುಂಬಾ ಚೂಪು ಮಾಡ್ದೆ ಇದ್ರೆ ಜಿ ಬಂದಾಗ್ಲೂ ಅದು ಎಚ್ಚರ ಆಗತ್ತೆ, ತುಂಬಾ ಚೂಪು ಮಾಡಿದ್ರೆ ತಂತಿ ಸ್ವಲ್ಪ ಎಳೆದು ಬಾರ್ಸಿದಾಗ ತಪ್ಪಿಸ್ಕೊಳತ್ತೆ. ಇವರ ಕೇಸಲ್ಲಿ ಸಿ ಕೂಡ ಸ್ವಲ್ಪ ಜೋರಿದೆ, ಹಂಗಾಗಿ ನನಗೆ ಅಗಲವಾದ ಬ್ಯಾಂಡೇ ಸರಿ ಅನ್ಸ್ತು.

ಧಾರವಾಡ_ಬೇಸು:
ನಾ ಡೈನಮಿಕ್ ಇಕ್ಯೂ ಕಡೀನ ಅದೀನ್ರಿ. ಮಲ್ಟಿಬ್ಯಾಂಡ್ ಹಾಕಿದ ಬೇಸ್ ಕೇಳಿದ್ರ ಬಾರಸಿದವನ ಕೈ ಕಾಣಂಗಿಲ್ಲ, ಎಲ್ಲಾ ನೋಟೂ ಒಂದ ಎತ್ತರ. ಎ ಸ್ವಲ್ಪ ಮುಂದ ಇರ್ಲಿ ಬಿಡ್ರಿ, ಹಾಡಿನ ಶ್ರುತಿ ಎ ಇದ್ರ ಅದಕ್ಕ ಸ್ವಲ್ಪ ತೂಕ ಬೇಕು.

ಹಳೇ_ಟೇಪು:
ತೂಕದ ಮಾತು ಒಪ್ತೀನಿ, ಅದಕ್ಕೇ 3:1ಕ್ಕೆ ನಿಲ್ಸಿದ್ದು, ಎ ಇನ್ನೂ ಬೇರೆಯವಕ್ಕಿಂತ ಎರಡು ಮೂರು ಡಿಬಿ ಮುಂದೇನೇ ಇದೆ. ಕೈ ಕಾಣಲ್ಲ ಅನ್ನೋದು ಮಾತ್ರ ಒಪ್ಪಲ್ಲ. ಕೈ ಕಾಣೋದು 160ರ ಮೇಲೆ, ಅಲ್ಲಿ ನಾವು ಮುಟ್ಟೇ ಇಲ್ಲ.

ಕಡಲ_ಸೌಂಡ್:
ಆ ಸೈನ್ ಟೋನ್ ಉಪಾಯ ನಾಳೆ ನಮ್ಮ ಹಾಲಿನಲ್ಲಿ ನಾನೂ ಮಾಡಿ ನೋಡ್ತೇನೆ. ಯಾವ ನೋಟಿಗೆ ಲೋಟ ನಡುಗುವುದು ಅಂತ ಈವರೆಗೆ ಅಂದಾಜಿನಲ್ಲೇ ಕಡಿತಾ ಇದ್ದೆ.

ಟೆರೇಸ್‌ರೂಮ್:
ಅಪ್‌ಡೇಟ್. ಎರಡೂ ಟ್ರ್ಯಾಕ್ ಬಸ್ಸಿಗೆ ಕಳ್ಸಿ ಮಲ್ಟಿಬ್ಯಾಂಡ್ ಅಲ್ಲಿಗೆ ಹಾಕ್ದೆ, ಸೊಂಟ ವಾಪಸ್ ಬಂತು. ಮತ್ತೆ ಅಳೆದಾಗ ಥ್ರೆಶೋಲ್ಡ್ -15ಕ್ಕೆ ಬಂದು ನಿಂತಿದೆ. ಕೋರಸ್ ಬೇರೆ ಟ್ರ್ಯಾಕಿಗೆ ಇಳ್ಸಿ 2:1 ಹಾಕಿದೀನಿ. ತಡರಾತ್ರಿ ಹೇಳಿದ Novaನೂ ಒಂದು ಕಾಪಿ ಮಾಡಿ ಇಟ್ಕೊಂಡಿದೀನಿ, ಜೋರು ಸಮ ಮಾಡಿ ಎರಡೂ ಬದಲಾಯಿಸಿ ಬದಲಾಯಿಸಿ ಕೇಳ್ತಿದೀನಿ, ಸೋಲೋದಲ್ಲಿ ಅದು ಇಷ್ಟ ಆಗತ್ತೆ, ಕಿಕ್ ಜೊತೆ ಕೇಳಿದ್ರೆ ಮಲ್ಟಿಬ್ಯಾಂಡ್ ಇಷ್ಟ ಆಗತ್ತೆ, ಇನ್ನೂ ತೀರ್ಮಾನ ಆಗಿಲ್ಲ.

ಇನ್ನೊಂದು, ಎರಡನೇ ವರ್ಸಲ್ಲಿ ಒಂದು ಕಡೆ ಎ ಎಷ್ಟು ಜೋರಾಗಿ ಹೊಡ್ದಿದಾನೆ ಅಂದ್ರೆ ಕಂಪ್ರೆಸರ್ 9 ಡಿಬಿ ಇಳಿಸಿ ಆಮೇಲಿನ ಜಿ ಶುರುನೇ ನುಂಗ್ಹಾಕ್ತಿತ್ತು. ಅದೊಂದು ನೋಟನ್ನ ಮಾತ್ರ ಕತ್ತರಿಸಿ ಕ್ಲಿಪ್ ಗೇನಲ್ಲೇ 6 ಡಿಬಿ ಇಳಿಸ್ದೆ, ಮೀಟರ್ ಮಾಮೂಲಿಗೆ ಬಂತು. ಬ್ರಿಡ್ಜಲ್ಲಿ ಒಂದು ಡಿ ಇನ್ನೂ ಮೆತ್ತಗಿದೆ, ಅದು -26, ಹುಡುಗ ಸರಿಯಾಗಿ ಒತ್ತೇ ಇಲ್ಲ ಅನ್ಸತ್ತೆ, ಬಝ್ ಕೇಳ್ಸತ್ತೆ. ವರ್ಸಿಂದ ಒಂದು ಒಳ್ಳೇ ಡಿ ತಂದು ಅಲ್ಲಿ ಅಂಟಿಸ್ಲಾ ಅಂತ ನೋಡ್ತಿದೀನಿ.

ಧಾರವಾಡ_ಬೇಸು:
ಅಂಟಸ್ರಿ. ಆದ್ರ ಜೋಡ ಮಾಡಿದಲ್ಲಿ ಸಣ್ಣ ಕ್ರಾಸ್‌ಫೇಡ್ ಹಾಕ್ರಿ, ಇಲ್ಲಾಂದ್ರ ಅಲ್ಲಿ ಟಕ್ ಅಂತದ.